ಮುಟ್ಟಿದ ಕುದುರೆ

ಚೆಸ್ ಪಂದ್ಯಾವಳಿಯ ತೀರ್ಪುಗಾರ್ತಿ ಪ್ರತಿ ಸುತ್ತಿನಲ್ಲೂ ಸಮಾನ ಅಂಕದವರನ್ನೇ ಎದುರುಬದುರು ಕೂರಿಸುತ್ತ ಬಂದಿದ್ದಳು. ಆರನೆಯ, ಕೊನೆಯ ಸುತ್ತು ಮುಗಿಯುವ ಹೊತ್ತಿಗೆ ಅವಳ ಸ್ವಂತ ತಂಗಿ ಮತ್ತು ಗಣಿತದ ಮೇಷ್ಟರು ಐದೂವರೆ ಅಂಕಗಳೊಂದಿಗೆ ಸಮವಾಗಿ ನಿಂತರು. ಅವರಿಬ್ಬರ ನಡುವಿನ ಆಟವೂ ಡ್ರಾ ಆಗಿತ್ತು. ಹಾಗಾದಾಗ ಒಬ್ಬೊಬ್ಬರ ಎದುರಾಳಿಗಳೆಲ್ಲ ಗಳಿಸಿದ ಅಂಕಗಳನ್ನು ಬೇರೆಬೇರೆಯಾಗಿ ಕೂಡಿ ನೋಡಬೇಕು; ಮೊತ್ತ ಹೆಚ್ಚಿದ್ದವರಿಗೆ ಟ್ರೋಫಿ. ಮೇಷ್ಟರದು ಇಪ್ಪತ್ತೊಂದು, ತಂಗಿಯದು ಇಪ್ಪತ್ತೂವರೆ. ತಂಗಿ ಮೊದಲ ಸುತ್ತಿನಲ್ಲಿ ಸೋಲಿಸಿದ್ದ ಅಂಚೆಯಣ್ಣ ಕೊನೆಯ ಮೇಜಿನಲ್ಲಿ ಇನ್ನೂ ಆಡುತ್ತಿದ್ದ. ಅವನು ಗೆದ್ದರೆ ಅವಳ ಮೊತ್ತಕ್ಕೆ ಒಂದು ಸೇರಿ ಟ್ರೋಫಿ ಅವಳದಾಗುತ್ತಿತ್ತು.

ಗೆಲುವು ಅಂಚೆಯಣ್ಣನ ಕೈಯಳತೆಯಲ್ಲಿತ್ತು. ಅವನು ಕುದುರೆಯನ್ನು ಮುಟ್ಟಿದ, ಥಟ್ಟನೆ ಕೈ ಹಿಂದೆಳೆದು ಆನೆಯತ್ತ ಚಾಚಿದ.

"ಮೇಡಂ, ಕುದುರೆ ಮುಟ್ಟಿದ್ರು. ಮುಟ್ಟಿದ ಕಾಯನ್ನೇ ನಡೆಸ್ಬೇಕಲ್ವಾ?" ಎಂದ ಎದುರಾಳಿ.

"ಇಲ್ಲಪ್ಪ, ಕೈ ಹತ್ರ ಹೋಗಿತ್ತಷ್ಟೆ," ಎಂದ ಅಂಚೆಯಣ್ಣ.

ಮೇಜಿನ ಬಳಿ ನಿಂತಿದ್ದ ತೀರ್ಪುಗಾರ್ತಿಯ ಹೊರತು ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಬಾಗಿಲ ಬಳಿ ತಂಗಿ ಕಾಯುತ್ತ ನಿಂತಿದ್ದಳು. ತೀರ್ಪುಗಾರ್ತಿ ಅಂಚೆಯಣ್ಣನತ್ತ ತಿರುಗಿದಳು.

"ನಾನು ನೋಡ್ದೆ. ಕುದುರೇನೇ ನಡೆಸಿ."

ಕುದುರೆ ಕದಲಿದ್ದೇ ತಡ, ಕಾವಲಿಲ್ಲದ ರಾಜನಿಗೆ ಎದುರಾಳಿ ಚೆಕ್‌ಮೇಟ್ ಹಾಕಿದ. ಟ್ರೋಫಿ ಮೇಷ್ಟರ ಪಾಲಾಯಿತು.

"ನೋಡಿಲ್ಲ ಅಂದಿದ್ರೆ ಏನು ಗಂಟು ಹೋಗ್ತಿತ್ತಕ್ಕಾ?" ತಂಗಿ ಮೆಲ್ಲಗೆ ಕೇಳಿದಳು.

"ನೋಡಿದ್ದೆ ಕಣೇ."

ತಂಗಿ ಮುಖ ತಿರುಗಿಸಿಕೊಂಡು ಮೆಟ್ಟಿಲಿಳಿದಳು. ಅಕ್ಕ ಫಲಿತಾಂಶದ ಹಾಳೆಗೆ ಸಹಿ ಹಾಕಿದಳು.