ಕಂತು ತಪ್ಪಿಸದವನ ಅರ್ಜಿ

ಉಕ್ಕಿನ ಕಾರ್ಖಾನೆಯವರು ನನ್ನನ್ನು ಕೆಲಸದಿಂದ ತೆಗೆದ ಮೇಲೆ, ಮನೆ ಸಾಲದ ಅವಧಿ ಹೆಚ್ಚಿಸಿ ಕಂತು ಇಳಿಸಿರೆಂದು ಕೊಪ್ಪಳದ ಬ್ಯಾಂಕಿಗೆ ಅರ್ಜಿ ಕೊಟ್ಟೆ.

ಮ್ಯಾನೇಜರ್ ಕಂಪ್ಯೂಟರ್ ನೋಡಿ ನಕ್ಕರು. "ಕಳಕಪ್ಪ, ಒಂದು ಕಂತೂ ತಪ್ಪಿಲ್ಲ. ನಿಮಗೇನು ತ್ರಾಸ ಐತ್ರಿ?"

ನನಗೆ ಮೈ ಉರಿಯಿತು. "ಹೆಂಡ್ತಿ ಕೊರಳಿನ ಬಂಗಾರದ ಬೋರಮಾಳ ಅಡವಿಟ್ಟು ಕಂತು ತುಂಬೀನ್ರಿ! ಮುಂದಿನ ಕಂತಿಗೆ ಇಡಾಕ ಏನೂ ಉಳದಿಲ್ಲ. ಕಂತು ಇಳಿಸಿದ್ರ ಆಕಿ ಹೊಲಿಗಿ ದುಡಿಮ್ಯಾಗ ಕಟ್ತೀವಂತ ಅರ್ಜ್ಯಾಗ ಬರದೀನಿ. ತಪ್ಪಿಸಿದವಗಷ್ಟ ದಾರಿ ಐತೇನ್ರಿ?"

ಅವರು ಅಡವಿನ ರಸೀದಿ ಕೇಳಿದರು. ಮರ್ಯಾದೆಗೆ ಅಂಜಿ ಅದನ್ನು ಅರ್ಜಿಗೆ ಹಚ್ಚಿರಲಿಲ್ಲ. ಜೇಬಿನಿಂದ ತೆಗೆದು ಮೇಜಿನ ಮೇಲೆ ಒಗೆದೆ.

ಓದಿ ಅವರ ಮುಖ ಇಳಿಯಿತು. "ಇದನ್ನ ಮೊದಲ ಕೊಡಬೇಕಿತ್ರಿ. ಮ್ಯಾಲಿನ ಆಫೀಸಿಗೆ ಶಿಫಾರಸು ಮಾಡ್ತೀನಿ. ಬಡ್ಡಿ ಮಾತ್ರ ನಿಲ್ಲೂದಿಲ್ಲ."

"ಬಡ್ಡಿ ಕಟ್ತೀನ್ರಿ. ನೀವು ನಗೂದು ನಿಲ್ಲಸ್ರಿ."