ಎರಡು ಕಾಲಲ್ಲಿ ನಿಂತ ಕೊಕ್ಕರೆ

ಪ್ಲೈವುಡ್ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು, ತಲೆ ನರೆತ ಬಡಗಿಗಳು ಕೂಡ. ಲಾರಿಯಲ್ಲಿ ಬಂದ ಹಲಗೆಗಳನ್ನು ಒಂದೊಂದಾಗಿ ನೋಡಿ ಇಳಿಸಿಕೊಳ್ಳುವುದು ಅವಳ ಕೆಲಸ. ಅದರ ಜತೆಗೆ ಇನ್ನೊಂದು ಕೆಲಸ ತಾನಾಗಿಯೇ ಅಂಟಿಕೊಂಡಿತ್ತು. ಅಡುಗೆಮನೆ ಮಾಡಿಸುವ ಜನ ತಮ್ಮ ಹಲಗೆಯ ಫೋಟೊ ತೆಗೆದು ಅಂಗಡಿಯ ನಂಬರಿಗೆ ಕಳಿಸಿ, ಇದು ಯಾವ ಕಂಪನಿಯದು, ಅಡುಗೆಮನೆಗೆ ಆಗುತ್ತದೆಯೇ ಎಂದು ಕೇಳುತ್ತಿದ್ದರು. ಕೆಲವು ಫೋಟೊಗಳಲ್ಲಿ ಹಲಗೆಯೋ ಹಾಸಿಗೆಯೋ ಎಂಬುದೇ ತಿಳಿಯುತ್ತಿರಲಿಲ್ಲ. ಆದರೂ ಅವಳು ಬೇಸರಪಡದೆ ಉತ್ತರ ಕೊಡುತ್ತಿದ್ದಳು.

ಆ ಬೆಳಿಗ್ಗೆ ಬಂದ ಫೋಟೊಗಳು ಒಬ್ಬ ಹೆಂಗಸಿನವು. ಮನೆಯಲ್ಲೇ ಅಡುಗೆ ಮಾಡಿ ಕಚೇರಿಗಳಿಗೆ ಊಟ ಕಳಿಸುತ್ತೇನೆ, ಎಲ್ಲರೂ ಊಟದಮ್ಮ ಅನ್ನುತ್ತಾರೆ, ಅಡುಗೆಮನೆಗೆ ಹೊಸ ಕಪಾಟು ಮಾಡಿಸುತ್ತಿದ್ದೇನೆ, ಸಿಂಕಿನ ಕೆಳಗಿನ ಹಲಗೆ ನೀರು ಬಿದ್ದು ಉಬ್ಬಿದೆ, ವಾಟರ್‌ಪ್ರೂಫ್ ಅಂತ ಮುದ್ರೆ ಇದೆಯಲ್ಲ, ಹೀಗಾಗಬಹುದಾ ಎಂದು ಬರೆದಿದ್ದರು.

ಮೊದಲ ಫೋಟೊದಲ್ಲಿ ಹಲಗೆಯ ಮೈ. ಕೆಂಪಗಿತ್ತು. ಅದರಿಂದ ಏನೂ ತಿಳಿಯದು. ಕೆಂಪು ಬಣ್ಣವನ್ನು ಯಾವ ಹಲಗೆಗೆ ಬೇಕಾದರೂ ಬಳಿಯಬಹುದು. ಎರಡನೆಯದರಲ್ಲಿ ಹಲಗೆಯ ಅಂಚು. ಅಲ್ಲಿ ಕೊಕ್ಕರೆ ಮಾರ್ಕಿನ ಮುದ್ರೆ, ಪಕ್ಕದಲ್ಲಿ ಬಿಡಬ್ಲ್ಯೂಪಿ ಎಂಬ ಅಕ್ಷರಗಳು. ಕುದಿಯುವ ನೀರಿಗೂ ಬಿಡದ ಅಂಟು ಹಾಕಿದ ದರ್ಜೆ ಎಂದು ಅದರರ್ಥ. ಅಕ್ಕ ಫೋಟೊ ಹಿಗ್ಗಿಸಿದಳು. ಕೊಕ್ಕರೆ ಎರಡೂ ಕಾಲೂರಿ ನಿಂತಿತ್ತು. ಕಂಪನಿಯ ಕೊಕ್ಕರೆ ಯಾವತ್ತೂ ಒಂದೇ ಕಾಲಲ್ಲಿ ನಿಲ್ಲುವುದು.

ಮೂರನೆಯ ಫೋಟೊವನ್ನು ಅವಳು ಇನ್ನೊಮ್ಮೆ ಹಿಗ್ಗಿಸಿ ನೋಡಿದಳು. ಹಲಗೆಯ ಒಳಮೈಯಲ್ಲಿ ಪೆನ್ಸಿಲ್ಲಿನ ಒಂದು ಬಾಣ, ಬಾಣದ ಹಿಂಬದಿಗೆ ಮೀನಿನ ಬಾಲದಂಥ ಎರಡು ಗೀಟು. ಹಾಗೆ ಗೀಚುವವನು ಅವಳಿಗೆ ಗೊತ್ತಿದ್ದಂತೆ ಒಬ್ಬನೇ. ಅವಳ ತಮ್ಮ.

ತಮ್ಮ ಅವಳ ಜತೆ ಮಾತು ಬಿಟ್ಟು ಒಂದು ವರ್ಷದ ಮೇಲಾಗಿತ್ತು. ಅಪ್ಪ ಹೋದ ಮೇಲೆ ಅವನಿಗೆ ಉಳಿ ಹಿಡಿಯುವುದನ್ನು ಕಲಿಸಲು ಒಳ್ಳೆಯ ಬಡಗಿಯನ್ನು ಹುಡುಕಿ ಸೇರಿಸಿದ್ದು ಅವಳೇ. ಕೈ ಕುದುರಿದ ಮೇಲೂ ಹಲಗೆ ಆರಿಸುವುದನ್ನು ಮಾತ್ರ ಅವಳು ಬಿಟ್ಟುಕೊಟ್ಟಿರಲಿಲ್ಲ. ಒಮ್ಮೆ ಅಂಗಡಿ ತುಂಬಾ ಗಿರಾಕಿಗಳಿದ್ದಾಗ, "ಅವನಿಗೆ ಹಲಗೆ ನೋಡೋಕೆ ಬರಲ್ಲ, ನಾನೇ ಆರಿಸ್ಕೊಡ್ತೀನಿ" ಎಂದುಬಿಟ್ಟಿದ್ದಳು. ಅವತ್ತಿನಿಂದ ಜತೆಯ ಬಡಗಿಗಳು, ಇವನಿಗೆ ಹಲಗೆ ನೋಡಲು ಅಕ್ಕನ ಕನ್ನಡಕ ಬೇಕು ಎಂದು ಆಡಿಕೊಂಡು, ಅವನನ್ನು ಅಕ್ಕನ ಕನ್ನಡಕ ಎಂದೇ ಕರೆಯತೊಡಗಿದರು. ಅವನು ನಗುತ್ತಲೇ ಕೇಳಿಸಿಕೊಂಡು, ಕೊನೆಗೆ ಊರಿನ ಇನ್ನೊಂದು ತುದಿಯಲ್ಲಿ ಸ್ವಂತ ಕೆಲಸ ಶುರು ಮಾಡಿದ. ಅಕ್ಕನ ಅಂಗಡಿಯ ಕಡೆ ತಲೆಹಾಕಲಿಲ್ಲ.

ಈಗ ಏನು ಬರೆಯುವುದು? ಹಲಗೆ ಚೆನ್ನಾಗಿದೆ ಎಂದರೆ ಆ ಹೆಂಗಸಿನ ಕಪಾಟು ಹಾಳು. ಮೋಸದ ಮಾಲು ಎಂದರೆ ತಮ್ಮನ ಹೆಸರು ಹಾಳು. ಗಿರಾಕಿಗಳು ಬಂದು ಹೋದರು, ಅಕ್ಕ ಫೋನನ್ನು ಎರಡು ಸಲ ಕೆಳಗಿಟ್ಟು ಮತ್ತೆ ಎತ್ತಿಕೊಂಡಳು. ಕೊನೆಗೆ ಬರೆಯುವುದನ್ನು ಬಿಟ್ಟು ನೇರವಾಗಿ ಫೋನ್ ಮಾಡಿದಳು.

"ಅಮ್ಮಾ, ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಿಮ್ಮನೆ ಕೆಲಸ ಮಾಡ್ತಿರೋನು ನನ್ನ ತಮ್ಮ. ಅದನ್ನ ಮನಸ್ಸಲ್ಲಿಟ್ಕೊಂಡೇ ನನ್ನ ಮಾತು ಕೇಳಿ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ, "ಹೇಳಿ" ಎಂದರು.

"ಮುದ್ರೆ ಆ ಕಂಪನಿದಲ್ಲ. ಆದ್ರೆ ಮುದ್ರೆ ಸುಳ್ಳಾದ ಮಾತ್ರಕ್ಕೆ ಹಲಗೆ ಕೆಟ್ಟದ್ದು ಅಂತ ಹೇಳಕ್ಕಾಗಲ್ಲ. ಅದನ್ನ ಅಂಚು ಹೇಳ್ಬೇಕು. ಫ್ಲಾಶ್ ಹಾಕ್ದೆ, ಕಿಟಕಿ ಬೆಳಕಲ್ಲಿ, ಹೊಸದಾಗಿ ಕೊಯ್ದ ಅಂಚಿಂದು ಒಂದು ಫೋಟೊ ತೆಗೀತೀರಾ? ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಬಣ್ಣ ಹೊಡೆದಿರೋ ಅಂಚು ಬೇಡ."

ಫೋಟೊ ಬಂತು. ಹದಿನೆಂಟು ಮಿಲಿಮೀಟರಿನ ಹಲಗೆ. ಅಕ್ಕ ಪದರ ಎಣಿಸಿದಳು, ಒಂಬತ್ತು. ಕಂಪನಿಯ ನಿಜವಾದ ಕೊಕ್ಕರೆ ಹಲಗೆ ಅಷ್ಟೇ ದಪ್ಪಕ್ಕೆ ಹದಿಮೂರು ಪದರದ್ದು. ಪದರಗಳ ನಡುವಿನ ಅಂಟಿನ ಗೆರೆ ಮರದಷ್ಟೇ ಬೆಳ್ಳಗಿತ್ತು. ಕುದಿನೀರಿಗೆ ತಡೆಯುವ ಅಂಟಾದರೆ ಅಲ್ಲಿ ಕಡುಕಂದು ಗೆರೆ ಓಡಿರಬೇಕು. ಒಂದು ಕಡೆ ನಡುಪದರವೇ ಇಲ್ಲದೆ ಕಡ್ಡಿ ತೂರಿಸಬಹುದಾದಷ್ಟು ಸಂದು ಬಿಟ್ಟಿತ್ತು. ಒಣ ಕೋಣೆಯ ಬೀರುವಿಗೆ ನಡೆಯುವ ಎಂಆರ್ ಹಲಗೆ ಇದು, ತೇವ ತಡೆದರೂ ನೀರು ತಡೆಯದ ದರ್ಜೆ. ದಿನವಿಡೀ ಹಬೆಯಾಡುವ ಅಡುಗೆಮನೆಗಲ್ಲ. ಲ್ಯಾಮಿನೇಟಿನ ತುಂಡಿನ ಹಿಂಬದಿಯ ಫೋಟೊವನ್ನೂ ಅವರು ಕಳಿಸಿದ್ದರು. ಅದರ ಹೆಸರು, ನಂಬರು ಸರಿಯಾಗಿದ್ದವು, ಅದರಲ್ಲಿ ಮೋಸವಿರಲಿಲ್ಲ.

ಅಕ್ಕ ಇದಿಷ್ಟನ್ನೂ ಹೇಳಿದಳು.

"ಆ ಹುಡುಗ ಎಷ್ಟು ಅಚ್ಚುಕಟ್ಟು ಗೊತ್ತಾ" ಎಂದರು ಊಟದಮ್ಮ ನಿಧಾನವಾಗಿ. "ಹೊತ್ತಾದ್ರೂ ನೆಲ ಗುಡಿಸ್ದೆ ಹೋಗಲ್ಲ. ಬೇಕಂತ ಮಾಡಿದ್ದಾನೆ ಅಂತೀರಾ?"

"ಗೊತ್ತಿಲ್ಲಮ್ಮ" ಎಂದಳು ಅಕ್ಕ. "ನಾನು ಅವನನ್ನ ಕೇಳ್ತೀನಿ. ನೀವು ಕೇಳೋದಕ್ಕೆ ಮುಂಚೆ ನನಗೊಂದು ಅವಕಾಶ ಕೊಡಿ."

ಭಾನುವಾರ ಮಧ್ಯಾಹ್ನ ಅವನು ಅವಳ ಮನೆಗೆ ಬಂದ. ಅವಳು ಫೋನ್ ಮಾಡಿ ಬಾ ಎಂದು ಕರೆದಾಗ ಬರುವುದಿಲ್ಲ ಎನ್ನಲಿಲ್ಲ. ಕೆಲಸದಲ್ಲಿ ಉಳಿದ ಹಲಗೆಯ ತುಂಡೊಂದನ್ನು ತಾ ಎಂದಾಗ ಏಕೆ ಎಂದೂ ಕೇಳಲಿಲ್ಲ. ಚಪ್ಪಲಿ ಬಿಟ್ಟು ಬಾಗಿಲ ಬಳಿಯೇ ನಿಂತ. ಕೆನ್ನೆ ಒಳಗೆ ಹೋಗಿತ್ತು.

"ಕೂತ್ಕೊಳೋ. ನಿಂತ್ಕೊಂಡೇ ಜಗಳ ಆಡೋಕೆ ನನ್ನ ಮಂಡಿಗೆ ಶಕ್ತಿ ಇಲ್ಲ."

ಅವನು ಕೂತ. ಅವಳು ಒಲೆಯ ಮೇಲೆ ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಅವನು ತಂದ ತುಂಡನ್ನೂ ಅಂಗಡಿಯಿಂದ ತಂದಿದ್ದ ನಿಜವಾದ ಕೊಕ್ಕರೆ ತುಂಡನ್ನೂ ಒಟ್ಟಿಗೆ ಹಾಕಿ, ಮೇಲೆ ತೇಲದಂತೆ ಕಲ್ಲೊಂದನ್ನಿಟ್ಟಳು. ಅವನಿಗೆ ಅರ್ಥವಾಯಿತು.

"ಊಟದಮ್ಮ ನಿನಗೆ ಫೋಟೊ ಕಳಿಸಿದ್ರಾ?"

"ಅಂಗಡಿಗೆ ಕಳಿಸಿದ್ರು. ನಿನ್ನ ಬಾಣ ನಾನು ಗುರುತು ಹಿಡಿದೆ."

ನೀರು ಕುದಿಯತೊಡಗಿತು. ಅವನು ತಾನಾಗಿಯೇ ಮಾತಾಡಿದ. ಹೊಸ ಅಂಗಡಿಯವನು ರಾಶಿಯ ಮೇಲಿನ ಹಲಗೆಗಳನ್ನು ಎತ್ತಿ ತೋರಿಸಿದ್ದನಂತೆ. ಅವು ಸರಿಯಾಗಿದ್ದವು. ಕೆಳಗಿನವನ್ನು ನೋಡಬೇಕು ಅನಿಸಿತಂತೆ, ಆದರೆ ಅಲ್ಲೇ ಇನ್ನಿಬ್ಬರು ಬಡಗಿಗಳು ನಿಂತಿದ್ದರು.

"ಒಂದೊಂದೇ ತಿರುವಿ ನೋಡಿದ್ರೆ, ಅಕ್ಕನ್ನ ಕರ್ಕೊಂಡು ಬರ್ಬೇಕಿತ್ತು ಅಂತಾರೆ ಅನ್ನಿಸ್ತು. ಗೊತ್ತಿರೋನ ಥರ ತಲೆ ಆಡಿಸಿಬಿಟ್ಟೆ." ಅವನು ತನ್ನ ಕೈಗಳನ್ನೇ ನೋಡುತ್ತಿದ್ದ. "ಕೊಯ್ಯೋವಾಗ ಗೊತ್ತಾಯ್ತು ಅಕ್ಕ. ಎರಡನೇ ಹಲಗೆ ಗರಗಸಕ್ಕೆ ಬೆಣ್ಣೆ ಥರ ಸಿಕ್ತು. ಗೊತ್ತಾದ್ರೂ ಮುಂದುವರಿಸಿದೆ. ಒಪ್ಕೊಂಡ್ರೆ ನೀನು ಹೇಳಿದ್ದೇ ನಿಜ ಆಗ್ತಿತ್ತು."

ಅಕ್ಕನಿಗೆ ಬೈಯಬೇಕು ಅನಿಸಿತು. ಬೈಗುಳ ನಾಲಿಗೆಯ ತುದಿಗೂ ಬಂದಿತ್ತು. ಆದರೆ ತಾನು ಅಂಗಡಿ ತುಂಬಾ ಜನರ ಎದುರು ಆಡಿದ ಮಾತು ಎಲ್ಲಿಯವರೆಗೆ ಬಂದು ಮುಟ್ಟಿದೆ ಎಂಬುದು ಅವಳಿಗೆ ಈಗ ಕಾಣುತ್ತಿತ್ತು.

"ಹಲಗೆ ನೋಡೋಕೆ ನಿನಗೆ ಬರುತ್ತೆ. ಬರಲ್ಲ ಅಂದಿದ್ದು ನನ್ನ ತಪ್ಪು" ಎಂದಳು. "ಗೊತ್ತಾದ್ರೂ ಮುಚ್ಚಿಟ್ಟಿದ್ದು ನಿನ್ನ ತಪ್ಪು. ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕೆ ಹೋಗ್ಬೇಡ."

ಬಹಳ ಹೊತ್ತು ಕುದಿಸಿ ಇಕ್ಕಳದಿಂದ ತುಂಡುಗಳನ್ನು ಎತ್ತಿದಾಗ ಅವನ ತುಂಡಿನ ಪದರಗಳು ಒದ್ದೆ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡವು. ಇನ್ನೊಂದು ಬಿಸಿಯಾಗಿತ್ತು, ಅಷ್ಟೇ. ಚಾಕುವಿನ ಮೊನೆಗೂ ಅದರ ಪದರ ಸಡಿಲವಾಗಲಿಲ್ಲ. ಕಂಪನಿಯ ಪರೀಕ್ಷೆಯಲ್ಲಿ ಇನ್ನೂ ಎಷ್ಟೋ ಹೊತ್ತು ಕುದಿಸುತ್ತಾರೆ. ಕೆಟ್ಟ ಹಲಗೆಯನ್ನು ಹಿಡಿಯಲು ಮನೆಯ ಒಲೆಯೇ ಸಾಕಾಯಿತು.

"ಎಲ್ಲ ಹಲಗೆನೂ ಹೀಗೇನಾ?" ಎಂದಳು.

"ಇಲ್ಲ. ಮೇಲಿನವು ಒಳ್ಳೇವು ಅಂದೆನಲ್ಲ. ಆದ್ರೆ ಯಾವುದು ಎಲ್ಲಿ ಹೋಯ್ತು ಅಂತ ಈಗ ಹೇಳೋಕಾಗಲ್ಲ. ಎಲ್ಲದಕ್ಕೂ ಲ್ಯಾಮಿನೇಟ್ ಹಾಕಿ ಅಂಚುಪಟ್ಟಿ ಅಂಟಿಸಿಬಿಟ್ಟಿದ್ದೀನಿ. ಕಿತ್ತು ನೋಡಿದ್ರೆ ಒಳ್ಳೇದೂ ಹಾಳಾಗುತ್ತೆ."

ಮುದ್ರೆ ಇರುವುದು ಹಲಗೆಯ ಕಾರ್ಖಾನೆ ಅಂಚಿನಲ್ಲಿ ಮಾತ್ರ. ಕೊಯ್ದು ತುಂಡು ಮಾಡಿದ ಮೇಲೆ ಹೆಚ್ಚಿನ ತುಂಡುಗಳಿಗೆ ಹೆಸರೇ ಇರುವುದಿಲ್ಲ. ಅಕ್ಕ ಯೋಚನೆಗೆ ಬಿದ್ದಳು. ದಾರಿ ಹೊಳೆದದ್ದು ತಮ್ಮನಿಗೆ.

"ಬಾಗಿಲಿಗೆ ಹಿಂಜ್ ಕೂರಿಸೋಕೆ ಬಟ್ಟಲಿನಂಥ ತೂತು ಕೊರೆದಿದ್ದೀನಲ್ಲ. ಹಿಂಜ್ ಬಿಚ್ಚಿದ್ರೆ ತೂತಿನ ಗೋಡೆಯಲ್ಲಿ ಪದರ ಕಾಣುತ್ತೆ. ಕಪಾಟಿನ ಡಬ್ಬಿಗಳ ಪಕ್ಕದ ಹಲಗೆಗೆ ಪೈಪಿನ ತೂತು, ವೈರಿನ ತೂತು ಇದೆ."

ಅವಳು ಅವನನ್ನು ನೋಡಿದಳು. ತನಗೆ ಇದು ಹೊಳೆದಿರಲಿಲ್ಲ.

ಮರುದಿನ ಊಟದಮ್ಮನ ಮನೆಯಲ್ಲಿ ಮೊದಲ ಮಾತು ಅವನೇ ಆಡಿದ. ಹಲಗೆ ಕೆಟ್ಟದ್ದು, ಕೊಯ್ಯುವಾಗ ತಿಳಿದೂ ಹೇಳಲಿಲ್ಲ, ಬದಲಾಯಿಸಿ ಕೊಡುತ್ತೇನೆ ಎಂದ. ಊಟದಮ್ಮ ಸೌಟು ಹಿಡಿದುಕೊಂಡೇ ಕೇಳಿದರು. ಸಿಟ್ಟು ಬಂದಿತ್ತು, ಮುಖದಲ್ಲಿ ಕಾಣುತ್ತಿತ್ತು.

"ನಿನ್ನನ್ನ ನಾನು ಮಗನ ಥರ ನೋಡ್ಕೊಂಡೆ."

"ಹೌದಮ್ಮ."

"ಇನ್ನೊಬ್ಬರಾಗಿದ್ರೆ ಹೊರಗೆ ಹಾಕ್ತಿದ್ರು."

"ಹೌದಮ್ಮ."

"ಎಲ್ಲದಕ್ಕೂ ಹೌದು ಅಂದ್ರೆ ನಾನು ಹೆಂಗಪ್ಪ ಜಗಳ ಆಡ್ಲಿ" ಎಂದು ಅವರು ಸೌಟನ್ನು ಪಾತ್ರೆಗೆ ಬಿಟ್ಟರು. "ಆಯ್ತು, ನೋಡಿ. ಒಲೆ ಮಾತ್ರ ಆರಿಸಲ್ಲ, ಊಟ ಹೋಗ್ಬೇಕು."

ಅವನು ಹಿಂಜ್ ಬಿಚ್ಚುತ್ತ ಹೋದ. ಅಕ್ಕ ಪ್ರತಿ ತೂತಿಗೂ ಓರೆಯಾಗಿ ಟಾರ್ಚ್ ಬಿಟ್ಟು ಫೋಟೊ ತೆಗೆದಳು, ಇಬ್ಬರೂ ಹಿಗ್ಗಿಸಿ ನೋಡಿದರು. ಕಂದು ಗೆರೆ, ತೆಳ್ಳಗಿನ ಒತ್ತೊತ್ತು ಪದರ ಇದ್ದರೆ ಒಳ್ಳೆಯದು. ಬಿಳಿ ಗೆರೆ, ದಪ್ಪ ಪದರ ಇದ್ದರೆ ಕೆಟ್ಟದ್ದು. ಒಂದು ಬಾಗಿಲಿನ ಬಳಿ ಅಕ್ಕ, "ಇದು ಒಳ್ಳೇದು" ಎಂದಳು. ತಮ್ಮ ಅಲ್ಲ ಎಂದು ತಲೆಯಾಡಿಸಿದ.

"ಕಂದು ಗೆರೆ ಅಲ್ಲ ಅದು, ಡ್ರಿಲ್ ಬಿಸಿಗೆ ಸುಟ್ಟಿರೋದು. ಉಪ್ಪುಕಾಗದ ಹಿಡಿ."

ಉಜ್ಜಿದರು. ಕೆಳಗೆ ಬಿಳಿ ಗೆರೆಯೇ ಇತ್ತು. ಅಕ್ಕ ಆ ಬಾಗಿಲನ್ನು ಕೆಟ್ಟವುಗಳ ಕಡೆಗೆ ಒರಗಿಸಿದಳು.

ಸಿಂಕಿನ ಡಬ್ಬಿ ಪೂರ್ತಿ, ಒಲೆಯ ಪಕ್ಕದ ಎರಡು, ಕೆಲವು ಬಾಗಿಲುಗಳು ಹೋಗಬೇಕಾಯಿತು. ಉಳಿದವು ನಿಂತವು. ಕೊಯ್ಯದೆ ಉಳಿದಿದ್ದ ಹಲಗೆಗಳನ್ನು ಮಾರಿದ ಅಂಗಡಿಯವನು, ಅಂಚಿನ ಫೋಟೊ ಮತ್ತು ಕುದಿಸಿದ ತುಂಡು ಎರಡನ್ನೂ ಎದುರಿಗಿಟ್ಟ ಮೇಲೆ, ಗೊಣಗುತ್ತ ವಾಪಸು ತೆಗೆದುಕೊಂಡ. ಬಿಚ್ಚಿದ ತುಂಡುಗಳು ನೀರು ತಾಗದ ಕಡೆಗೆ ಚೆನ್ನಾಗಿಯೇ ನಡೆಯುತ್ತವೆ ಎಂದು ತಮ್ಮ ಅವುಗಳಿಂದ ಊಟದಮ್ಮನ ಮಲಗುವ ಕೋಣೆಗೆ ಬಟ್ಟೆಯ ಗೂಡು ಮಾಡಿಕೊಟ್ಟ. ಅದಕ್ಕೆ ಕೂಲಿ ಬೇಡ ಎಂದ. ಊಟದಮ್ಮ ಬಲವಂತ ಮಾಡಲಿಲ್ಲ. ಆದರೆ ಕೆಲಸ ಮುಗಿಯುವವರೆಗೂ ಅವನನ್ನು ಉಪವಾಸ ಕೂರಿಸಲಿಲ್ಲ.

ಅವನು ಅಕ್ಕನ ಅಂಗಡಿಗೆ ಮರಳಲಿಲ್ಲ. ಸ್ವಂತ ಕೆಲಸವನ್ನೇ ಮುಂದುವರಿಸಿದ, ಹಲಗೆಯನ್ನು ತಾನೇ ಆರಿಸಿದ, ರಾಶಿಯ ಅಡಿಯವರೆಗೆ ತಿರುವಿ ನೋಡಿಯೇ ಕೊಂಡ. ಯಾರಾದರೂ ನಕ್ಕರೆ ನಗಲಿ ಎಂದು ಬಿಟ್ಟ. ಅಕ್ಕನಿಗೆ ಮೊದಮೊದಲು ಸ್ವಲ್ಪ ಬೇಸರವಾಯಿತು, ಆಮೇಲೆ ಅಭ್ಯಾಸವಾಯಿತು. ಭಾನುವಾರ ಅವನು ಮನೆಗೆ ಬಂದರೆ ಇಬ್ಬರೂ ಹಲಗೆಯ ಮಾತು ಬಿಟ್ಟು ಬೇರೇನೋ ಮಾತಾಡಲು ನೋಡುತ್ತಾರೆ. ಅದು ಬಹಳ ಹೊತ್ತು ನಡೆಯುವುದಿಲ್ಲ, ಮಾತು ಮತ್ತೆ ಹಲಗೆಗೇ ಬರುತ್ತದೆ.