ಅಂಗೈ ಮುಂದಕ್ಕೆ

ಬೆಳಗಿನ ಪ್ರಾರ್ಥನೆ ಮುಗಿಸಿ ಏಳುತ್ತಿದ್ದೆ. ನಮ್ಮ ಶಾಲೆಯ ಅಟೆಂಡರನ ಮಗಳ ಫೋನು ಬಂತು.

"ಸಾರ್, ಅಪ್ಪ ಹೋಗ್ಬಿಟ್ರು."

ಅವನಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ಇಪ್ಪತ್ತೆರಡು ವರ್ಷ ನಾಳೆ ನಾಳೆ ಎಂದು ತಳ್ಳಿದ್ದೆ.

ನರ್ಸಿಂಗ್ ಶಾಲೆಯಲ್ಲಿ ನಾನು ಅಂಗರಚನೆ ಕಲಿಸುತ್ತಿದ್ದೆ. ಎಲುಬುಗಳ ಕೋಣೆ ಅವನ ವಶದಲ್ಲಿತ್ತು. ಒಂದೊಂದು ಎಲುಬನ್ನೂ ಕೂಸಿನಂತೆ ಒರೆಸಿಡುತ್ತಿದ್ದ. ಬಣ್ಣ ಹಚ್ಚಿದ ಎಲುಬಿನ ಹೆಸರು ಬರೆಯುವ ಪರೀಕ್ಷೆಯ ಹಿಂದಿನ ದಿನ ಅವಸರದಲ್ಲಿ ಹೇಳಿದೆ: "ಅಸ್ಥಿಪಂಜರದ ಮುಂಗೈಯ ಎರಡು ಎಲುಬಲ್ಲಿ ಒಳಗಿನದರ ಕೆಳತುದಿಗೆ ಕೆಂಪು ಬಣ್ಣ ಹಚ್ಚಯ್ಯ."

"ಅಂಗೈ ಹಿಂದಕ್ಕೆ ತಿರುಗಿದೆಯಲ್ಲ ಸಾರ್, ಒಳಗೆ ಅಂದ್ರೆ ಯಾವ್ದು?"

"ಕಣ್ಣಿಲ್ವಾ? ತೊಡೆ ಕಡೆ ಇರೋದು!"

ಅಂಗೈ ಹಿಂದಕ್ಕೆ ತಿರುಗಿದಾಗ ಹೆಬ್ಬೆರಳ ಕಡೆಯ ಎಲುಬು ಇನ್ನೊಂದನ್ನು ಅಡ್ಡಹಾಯ್ದು, ಅದರ ಕೆಳತುದಿ ತೊಡೆಯ ಕಡೆಗೆ ಬರುತ್ತದೆ. ಅವನು ಅದಕ್ಕೇ ಬಣ್ಣ ಹಚ್ಚಿದ. ನನ್ನ ಉತ್ತರಪಟ್ಟಿಯಲ್ಲಿದ್ದುದು ಕಿರುಬೆರಳ ಕಡೆಯದು. ಕಂಡದ್ದನ್ನು ಸರಿಯಾಗಿ ಬರೆದ ಹುಡುಗಿಯರ ಉತ್ತರವೆಲ್ಲ ತಪ್ಪೆಂದಾಯಿತು. ಹೊರಗಿನಿಂದ ಬಂದ ಪರೀಕ್ಷಕರು ಅದನ್ನು ಹಿಡಿದರು. ಪ್ರಿನ್ಸಿಪಾಲರ ಎದುರು ನಾನು, "ಸರಿಯಾಗೇ ಹೇಳಿದ್ದೆ, ಇವನೇ ತಪ್ಪು ಹಚ್ಚಿದ" ಎಂದೆ. ಅವನು ತಲೆ ತಗ್ಗಿಸಿ ನಿಂತ. ಎಲುಬಿನ ಕೋಣೆ ಬಿಡಿಸಿ ಅವನನ್ನು ಗೇಟು ಕಾಯಲು ಹಾಕಿದರು.

ಮರುವರ್ಷದಿಂದ ನನ್ನ ಮೊದಲ ಪಾಠ ಒಂದೇ. ನೆಟ್ಟಗೆ ನಿಲ್ಲಿ, ಮುಖ ಮುಂದಕ್ಕೆ, ಕೈ ಪಕ್ಕಕ್ಕೆ, ಅಂಗೈ ಮುಂದಕ್ಕೆ. ರೋಗಿ ಮಲಗಿರಲಿ, ಬೋರಲಾಗಿರಲಿ, ಹೀಗೆ ನಿಂತಿದ್ದಾನೆಂದೇ ಎಣಿಸಿ ಹೇಳಿ. ಒಳಗೆಂದರೆ ದೇಹದ ನಡುಗೆರೆಗೆ ಹತ್ತಿರ. ಹಾಗಾಗಿ ಕಿರುಬೆರಳು ಒಳಗೆ, ಹೆಬ್ಬೆರಳು ಹೊರಗೆ. ಎಡವೆಂದರೆ ರೋಗಿಯ ಎಡ, ನಿಮ್ಮದಲ್ಲ. ಪಾಠವನ್ನು ಎಲ್ಲರೂ ಹೊಗಳಿದರು. ಅದು ಅವನ ಪ್ರಶ್ನೆಗೆ ನಾನು ಕೊಡದೆ ಹೋದ ಉತ್ತರ ಎಂದು ಯಾರಿಗೂ ಹೇಳಲಿಲ್ಲ.

ಗೇಟಿನಲ್ಲಿ ಹೊಸ ಹುಡುಗಿಯರು ಲೈಬ್ರರಿ ಯಾವ ಕಡೆ ಎಂದರೆ ಅವನು ನಗುತ್ತಿದ್ದ: "ಎಡಕ್ಕೆ. ನಿನ್ನ ಎಡ ಅಲ್ಲಮ್ಮ, ಕಟ್ಟಡದ ಎಡ!" ನಾನು ಹಾದುಹೋದರೆ ಎದ್ದು ನಿಲ್ಲುತ್ತಿದ್ದ. ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೆ.

ಫೋನಿಟ್ಟು ಅವನ ಮನೆಗೆ ಹೋದೆ. ಹಾಸಿಗೆಯ ಮೇಲೆ ಅವನ ಕೈಗಳು ಅಂಗೈ ಕೆಳಗಾಗಿ ಮಲಗಿದ್ದವು. ಮಗಳಿಗೆ ಎಲ್ಲವನ್ನೂ ಹೇಳಿದೆ.

"ನಂಗೊತ್ತು ಸಾರ್. 'ಮೇಷ್ಟ್ರು ಒಂದಿನ ಬಂದು ಹೇಳ್ತಾರೆ ನೋಡು' ಅಂತಿದ್ರು." ಕಣ್ಣೊರೆಸಿಕೊಂಡು ಜಗಲಿಯಲ್ಲಿ ಕುಳಿತಿದ್ದ ಶಾಲೆಯವರ ಕಡೆ ನೋಡಿದಳು. "ನಂಗ್ಯಾಕೆ ಹೇಳ್ತೀರಾ? ಅವ್ರಿಗೆ ಹೇಳಿ."

ಜಗಲಿಗೆ ಹೋದೆ. ನನ್ನ ಹಳೆಯ ಸಹೋದ್ಯೋಗಿಗಳು ಕುರ್ಚಿ ಎಳೆದುಕೊಟ್ಟರು. ಕೂರಲಿಲ್ಲ. "ಆ ಪರೀಕ್ಷೆಯ ತಪ್ಪು ನನ್ನದು. ಅವನು ಸರಿಯಾಗಿ ಕೇಳಿದ್ದ, ನಾನು ಗದರಿದೆ, ಆಮೇಲೆ ಸುಳ್ಳಾಡಿದೆ" ಎಂದೆ.

ಒಳಗೆ ಬಂದು ಅವನ ಪಾದದ ಬಳಿ ಕುಳಿತೆ. ದೇವರೇ, ಇವನನ್ನು ಬಾಗಿಲಲ್ಲಿ ನಿಲ್ಲಿಸಬೇಡ. ಒಳಗೆ ಕರೆದುಕೊ. ಈ ಆತ್ಮಕ್ಕೆ ಶಾಂತಿ ಕೊಡು.